ಮಗುಚಿದ ತರಗತಿಗೆ ಒಂದು ಭೌತಶಾಸ್ತ್ರ ಘಟಕ: ಸ್ಥಿತ ಘರ್ಷಣೆಯನ್ನು ಮೊದಲೇ ಓದಿಸಿ, ತರಗತಿಯಲ್ಲಿ ಲೆಕ್ಕ ಬಿಡಿಸುವ ಕ್ರಮ

ಫ್ಲಿಪ್ಡ್ ಕ್ಲಾಸ್‌ರೂಮ್ ಅಥವಾ ಮಗುಚಿದ ತರಗತಿಯ ಬಗ್ಗೆ ಭೌತಶಾಸ್ತ್ರದ ಶಿಕ್ಷಕರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: ವಿದ್ಯಾರ್ಥಿಗಳು ಮನೆಯಲ್ಲಿ ಓದಿಕೊಂಡು ಬಂದರು ಎಂದೇ ಇಟ್ಟುಕೊಳ್ಳೋಣ, ಆಮೇಲೆ ತರಗತಿಯಲ್ಲಿ ನಾನು ಮಾಡಬೇಕಾದದ್ದೇನು? ಈ ಲೇಖನದಲ್ಲಿ ಒಂದೇ ಒಂದು ಘಟಕವನ್ನು, ಅಂದರೆ ಐವತ್ತು ನಿಮಿಷಗಳ ಒಂದು ಅವಧಿ ಮತ್ತು ಅದಕ್ಕೆ ಮುಂಚಿನ ಓದನ್ನು, ಆರಂಭದಿಂದ ಕೊನೆಯವರೆಗೆ ಕಟ್ಟಿ ತೋರಿಸುತ್ತೇನೆ. ವಿಷಯ ಸ್ಥಿತ ಘರ್ಷಣೆ, ಅಂದರೆ ಒಂದರ ಮೇಲೊಂದು ಇರುವ ಎರಡು ಮೇಲ್ಮೈಗಳು ಪರಸ್ಪರ ಜಾರದೆ ಇರುವಾಗ ಅವುಗಳ ನಡುವೆ ವರ್ತಿಸುವ ಘರ್ಷಣಾ ಬಲ.

ಈ ವಿಷಯವನ್ನೇ ಆರಿಸಿಕೊಳ್ಳಲು ಕಾರಣವಿದೆ. ಸ್ಥಿತ ಘರ್ಷಣೆಯ ನಿಯಮವನ್ನು ಎರಡು ಪುಟಗಳಲ್ಲಿ ಓದಿ ತಿಳಿಯಬಹುದು. ಆದರೆ ಅದನ್ನು ಬಳಸುವಾಗ ಆಗುವ ತಪ್ಪುಗಳು ಲೆಕ್ಕ ಬಿಡಿಸಲು ಕೂತಾಗ ಮಾತ್ರ ಹೊರಬರುತ್ತವೆ. ಓದಿಗೆ ಸುಲಭವೂ ಬಳಕೆಗೆ ಕಠಿಣವೂ ಆದ ಇಂಥ ವಿಷಯಗಳೇ ಮಗುಚಿದ ತರಗತಿಗೆ ಹೊಂದುತ್ತವೆ. ಉದ್ದನೆಯ ಗಣಿತದ ವ್ಯುತ್ಪತ್ತಿ ಇರುವ ವಿಷಯವನ್ನು ಮೊದಲ ಪ್ರಯತ್ನಕ್ಕೆ ಆರಿಸಬೇಡಿ, ಏಕೆಂದರೆ ವಿದ್ಯಾರ್ಥಿ ಒಂಟಿಯಾಗಿ ಓದುವಾಗ ಮೂರನೆಯ ಸಾಲಿನಲ್ಲಿ ಸಿಕ್ಕಿಬಿದ್ದರೆ ಉಳಿದ ಓದೆಲ್ಲ ವ್ಯರ್ಥವಾಗುತ್ತದೆ.

ಮಗುಚಿದ ತರಗತಿ ಎಂದೊಡನೆ ವಿಡಿಯೋ ಬೇಕೇಬೇಕು ಎಂದು ಭಾವಿಸಬೇಕಾಗಿಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ ಅವರು 1990ರ ದಶಕದ ಆರಂಭದಲ್ಲಿಯೇ ವಿದ್ಯಾರ್ಥಿಗಳಿಗೆ ತರಗತಿಗೆ ಮುಂಚೆ ಓದು ಕೊಟ್ಟು, ತರಗತಿಯ ಸಮಯವನ್ನು ಪ್ರಶ್ನೆಗಳ ಚರ್ಚೆಗೆ ಮೀಸಲಿಟ್ಟಿದ್ದರು. ಬರೆದ ಟಿಪ್ಪಣಿಯನ್ನು ನಾನು ಇಷ್ಟಪಡುವುದು ಇನ್ನೊಂದು ಕಾರಣಕ್ಕೆ: ಓದುವವನು ಸಮೀಕರಣದ ಮುಂದೆ ನಿಲ್ಲಬಲ್ಲ, ಹಿಂದಿನ ಪುಟಕ್ಕೆ ಮರಳಬಲ್ಲ, ಅಂಚಿನಲ್ಲಿ ಚಿತ್ರ ಬರೆಯಬಲ್ಲ.

ಬೇಕಾದ ಸಾಮಗ್ರಿ ಹೆಚ್ಚೇನಿಲ್ಲ. ಎರಡರಿಂದ ಮೂರು ಪುಟಗಳ ಟಿಪ್ಪಣಿ, ಮೂರು ಪೂರ್ವಪ್ರಶ್ನೆಗಳು, ಮತ ಹಾಕಲು ಪ್ರತಿ ವಿದ್ಯಾರ್ಥಿಗೆ ಎ, ಬಿ, ಸಿ, ಡಿ ಎಂದು ಬರೆದ ನಾಲ್ಕು ಚೀಟಿಗಳು, ಪ್ರತಿ ಗುಂಪಿಗೆ ಒಂದು ದೊಡ್ಡ ಹಾಳೆ, ಮತ್ತು ನೀವು ಮೊದಲೇ ಪೂರ್ತಿಯಾಗಿ ಬಿಡಿಸಿ ನೋಡಿದ ಒಂದು ಲೆಕ್ಕ. ಈ ಲೇಖನದಲ್ಲಿ ಎಲ್ಲ ಲೆಕ್ಕಗಳಿಗೂ ಗುರುತ್ವ ವೇಗೋತ್ಕರ್ಷವನ್ನು g = 10 m/s² ಎಂದು ತೆಗೆದುಕೊಂಡಿದ್ದೇನೆ.

ಹಂತ 1: ಕೊನೆಯ ಲೆಕ್ಕವನ್ನು ಮೊದಲು ಬರೆಯಿರಿ

ಟಿಪ್ಪಣಿಯಿಂದ ಆರಂಭಿಸುವುದು ಬಹುತೇಕರು ಮಾಡುವ ತಪ್ಪು. ಹಾಗೆ ಆರಂಭಿಸಿದರೆ ನಿಮಗೆ ಗೊತ್ತಿರುವುದೆಲ್ಲ ಟಿಪ್ಪಣಿಯೊಳಗೆ ಸೇರುತ್ತದೆ, ಮೂರು ಪುಟ ಒಂಬತ್ತಾಗುತ್ತದೆ. ತರಗತಿಯಲ್ಲಿ ಯಾವ ಲೆಕ್ಕವನ್ನು ಬಿಡಿಸಬೇಕು ಎಂಬುದನ್ನು ಮೊದಲು ನಿರ್ಧರಿಸಿ, ಆ ಲೆಕ್ಕಕ್ಕೆ ಬೇಕಾದಷ್ಟನ್ನು ಮಾತ್ರ ಟಿಪ್ಪಣಿಯಲ್ಲಿ ಇಡಿ.

ನಮ್ಮ ಘಟಕದ ಲೆಕ್ಕ ಹೀಗಿದೆ. ನುಣುಪಾದ, ಅಂದರೆ ಘರ್ಷಣೆಯೇ ಇಲ್ಲದ ನೆಲದ ಮೇಲೆ 4 ಕೆ.ಜಿ. ದ್ರವ್ಯರಾಶಿಯ ಹಲಗೆಯಿದೆ. ಅದರ ಮೇಲೆ 2 ಕೆ.ಜಿ.ಯ ಇಟ್ಟಿಗೆಯಿದೆ. ಹಲಗೆ ಮತ್ತು ಇಟ್ಟಿಗೆಯ ನಡುವಿನ ಸ್ಥಿತ ಘರ್ಷಣಾ ಗುಣಾಂಕ 0.3, ಚಲನ ಘರ್ಷಣಾ ಗುಣಾಂಕ 0.2. ಹಲಗೆಯನ್ನು F ಎಂಬ ಬಲದಿಂದ ಅಡ್ಡಲಾಗಿ ಎಳೆಯಲಾಗುತ್ತದೆ. F ಕ್ರಮವಾಗಿ 9 ನ್ಯೂಟನ್ ಮತ್ತು 24 ನ್ಯೂಟನ್ ಇದ್ದಾಗ ಎರಡೂ ವಸ್ತುಗಳ ವೇಗೋತ್ಕರ್ಷ ಎಷ್ಟು? ಇಟ್ಟಿಗೆ ಜಾರದಂತೆ ಹಲಗೆಯನ್ನು ಎಳೆಯಬಹುದಾದ ಗರಿಷ್ಠ ಬಲ ಎಷ್ಟು?

ಹಂತ 2: ಟಿಪ್ಪಣಿಯನ್ನು ಬರೆಯಿರಿ

ಟಿಪ್ಪಣಿಯಲ್ಲಿ ಮೂರೇ ಸಂಗತಿಗಳಿರಲಿ. ಮೊದಲನೆಯದು, ಸ್ಥಿತ ಘರ್ಷಣೆ ಒಂದು ನಿಗದಿತ ಮೌಲ್ಯವಲ್ಲ, ಅಗತ್ಯಕ್ಕೆ ತಕ್ಕಂತೆ ಹೊಂದಿಕೊಳ್ಳುವ ಬಲ. ಎರಡನೆಯದು, ಆ ಹೊಂದಾಣಿಕೆಗೆ ಒಂದು ಮೇಲ್ಮಿತಿಯಿದೆ: f ≤ μN. ಇಲ್ಲಿ N ಎಂದರೆ ಮೇಲ್ಮೈ ವಸ್ತುವನ್ನು ತನಗೆ ಲಂಬವಾಗಿ ಒತ್ತುವ ಬಲ. ಮೂರನೆಯದು, ಘರ್ಷಣೆ ತಡೆಯುವುದು ಎರಡು ಮೇಲ್ಮೈಗಳ ಪರಸ್ಪರ ಜಾರುವಿಕೆಯನ್ನೇ ಹೊರತು ವಸ್ತುವಿನ ಚಲನೆಯನ್ನಲ್ಲ.

ಮೊದಲ ಎರಡನ್ನು ಒಂದು ಪೆಟ್ಟಿಗೆಯ ಉದಾಹರಣೆಯಿಂದ ತೋರಿಸಿ. 6 ಕೆ.ಜಿ.ಯ ಪೆಟ್ಟಿಗೆ ನೆಲದ ಮೇಲಿದೆ, ಸ್ಥಿತ ಗುಣಾಂಕ 0.5, ಚಲನ ಗುಣಾಂಕ 0.4. N = 60 ನ್ಯೂಟನ್ ಆದ್ದರಿಂದ ಮೇಲ್ಮಿತಿ 30 ನ್ಯೂಟನ್. ತಳ್ಳದೇ ಇದ್ದಾಗ ಘರ್ಷಣೆ ಸೊನ್ನೆ. 10 ನ್ಯೂಟನ್ ತಳ್ಳಿದರೆ 10, 29 ತಳ್ಳಿದರೆ 29. 31 ತಳ್ಳಿದಾಗ ಪೆಟ್ಟಿಗೆ ಜಾರತೊಡಗಿ ಘರ್ಷಣೆ 24ಕ್ಕೆ ಇಳಿಯುತ್ತದೆ. ಈ ಮೌಲ್ಯಗಳನ್ನು ನೀವೇ ತುಂಬಿ ಕೊಡಬೇಡಿ. ಒಂದು ಪಟ್ಟಿ ಮಾಡಿ, ಮೊದಲ ಎರಡು ಸಾಲು ತುಂಬಿ, ಉಳಿದುದನ್ನು ಖಾಲಿ ಬಿಡಿ, ಕೆಳಗೆ "ಮುಂದೆ ಓದುವ ಮೊದಲು ಇದನ್ನು ತುಂಬಿ" ಎಂದು ಬರೆಯಿರಿ. ಉತ್ತರ ಮುಂದಿನ ಪುಟದಲ್ಲಿರಲಿ. ಹೀಗೆ ನಿಲ್ಲಿಸಿ ಕೈಗೆ ಕೆಲಸ ಕೊಡುವ ಎರಡು ಮೂರು ಜಾಗಗಳು ಟಿಪ್ಪಣಿಯಲ್ಲಿ ಇಲ್ಲದಿದ್ದರೆ ಓದು ಕಣ್ಣು ಹಾಯಿಸುವುದಾಗಿ ಬಿಡುತ್ತದೆ.

ಮೂರನೆಯ ಸಂಗತಿಗೆ ನಡಿಗೆಯ ಉದಾಹರಣೆ ಸಾಕು. ನಡೆಯುವಾಗ ಪಾದ ನೆಲವನ್ನು ಹಿಂದಕ್ಕೆ ನೂಕುತ್ತದೆ. ಘರ್ಷಣೆ ಇಲ್ಲದಿದ್ದರೆ ಪಾದ ಹಿಂದಕ್ಕೆ ಜಾರುತ್ತಿತ್ತು. ಆ ಜಾರುವಿಕೆಯನ್ನು ತಡೆಯುವ ಘರ್ಷಣೆ ಪಾದದ ಮೇಲೆ ಮುಂದಕ್ಕೆ ವರ್ತಿಸುತ್ತದೆ. ದಿಕ್ಕನ್ನು ಕಂಡುಹಿಡಿಯುವ ವಿಧಾನವನ್ನು ಇದೇ ಮಾತುಗಳಲ್ಲಿ ಕೊಡಿ: ಘರ್ಷಣೆಯನ್ನು ಒಂದು ಕ್ಷಣ ತೆಗೆದುಹಾಕಿ, ವಸ್ತು ತನ್ನ ಕೆಳಗಿನ ಮೇಲ್ಮೈಯ ಮೇಲೆ ಯಾವ ಕಡೆ ಜಾರುತ್ತದೆ ಎಂದು ನೋಡಿ, ಅದಕ್ಕೆ ವಿರುದ್ಧವಾಗಿ ಬಾಣ ಹಾಕಿ.

ಎಚ್ಚರಿಕೆ: ಹಲಗೆಯ ಮೇಲಿನ ಇಟ್ಟಿಗೆಯ ಲೆಕ್ಕವನ್ನಾಗಲಿ, ಅದನ್ನು ಹೋಲುವ ಬಿಡಿಸಿದ ಲೆಕ್ಕವನ್ನಾಗಲಿ ಟಿಪ್ಪಣಿಯಲ್ಲಿ ಕೊಡಬೇಡಿ. ಕೊಟ್ಟರೆ ತರಗತಿಯಲ್ಲಿ ಆಗುವುದು ನಕಲು, ಯೋಚನೆಯಲ್ಲ. ಹಾಗೆಯೇ ಪಠ್ಯಪುಸ್ತಕದ ಇಡೀ ಅಧ್ಯಾಯವನ್ನು "ಓದಿಕೊಂಡು ಬನ್ನಿ" ಎಂದು ಹೇಳುವುದು ಟಿಪ್ಪಣಿಗೆ ಬದಲಿಯಾಗಲಾರದು. ಯಾವುದು ಮುಖ್ಯ ಎಂಬುದನ್ನು ಆರಿಸುವ ಹೊಣೆ ಶಿಕ್ಷಕರದು. ಟಿಪ್ಪಣಿ ಮುಗಿದ ಮೇಲೆ ನೀವೇ ಖಾಲಿ ಜಾಗಗಳನ್ನು ತುಂಬುತ್ತಾ ಓದಿ ಸಮಯ ನೋಡಿಕೊಳ್ಳಿ. ನಿಮಗೆ ಹತ್ತು ನಿಮಿಷಕ್ಕಿಂತ ಹೆಚ್ಚು ಹಿಡಿದರೆ ಹೊಸದಾಗಿ ಕಲಿಯುವವರಿಗೆ ಅದು ಅತಿಯಾಯಿತು ಎಂದೇ ತಿಳಿಯಿರಿ.

ಹಂತ 3: ಮೂರು ಪೂರ್ವಪ್ರಶ್ನೆಗಳು

ಟಿಪ್ಪಣಿಯನ್ನು ಮೂರು ದಿನ ಮುಂಚೆ ಕೊಟ್ಟು, ಉತ್ತರಗಳನ್ನು ತರಗತಿಯ ಹಿಂದಿನ ಸಂಜೆಯೊಳಗೆ ತರಿಸಿಕೊಳ್ಳಿ. ಕಾಗದದಲ್ಲಿ ಬರಲಿ, ಫೋನಿನಲ್ಲಿ ಬರಲಿ, ನಿಮಗೆ ಓದಲು ಅರ್ಧ ಗಂಟೆ ಸಿಗಬೇಕು, ಅಷ್ಟೇ. ನಾನು ಕೊಡುವ ಪ್ರಶ್ನೆಗಳು ಇವು.

ಒಂದು: 4 ಕೆ.ಜಿ.ಯ ಪೆಟ್ಟಿಗೆ ನೆಲದ ಮೇಲಿದೆ. ಸ್ಥಿತ ಗುಣಾಂಕ 0.5, ಚಲನ ಗುಣಾಂಕ 0.4. ಅದನ್ನು 12 ನ್ಯೂಟನ್ ಬಲದಿಂದ ಅಡ್ಡಲಾಗಿ ತಳ್ಳಿದರೆ ಘರ್ಷಣಾ ಬಲ ಎಷ್ಟು? ಕಾರಣವನ್ನು ಎರಡು ವಾಕ್ಯಗಳಲ್ಲಿ ಬರೆಯಿರಿ.

ಎರಡು: ಲಾರಿಯೊಂದು ನಿಂತಲ್ಲಿಂದ ಮುಂದಕ್ಕೆ ವೇಗ ಹೆಚ್ಚಿಸಿಕೊಳ್ಳುತ್ತಿದೆ, ಅದರ ಮೇಲಿನ ಪೆಟ್ಟಿಗೆ ಜಾರದೆ ಲಾರಿಯ ಜೊತೆಗೇ ಸಾಗುತ್ತಿದೆ. ಪೆಟ್ಟಿಗೆಯ ಮೇಲಿನ ಎಲ್ಲ ಬಲಗಳನ್ನೂ ಬಾಣಗಳಿಂದ ತೋರಿಸಿ.

ಮೂರು: ಟಿಪ್ಪಣಿಯ ಯಾವ ವಾಕ್ಯವನ್ನು ಮತ್ತೊಮ್ಮೆ ಓದಬೇಕಾಯಿತು? ಅದರ ಬಗ್ಗೆ ನೀವು ಕೇಳಬೇಕೆಂದಿರುವ ಪ್ರಶ್ನೆ ಯಾವುದು?

ಅಂಕ ಕೊಡುವುದಾದರೆ ಪ್ರಯತ್ನಕ್ಕೆ ಕೊಡಿ, ಸರಿಯುತ್ತರಕ್ಕೆ ಬೇಡ. ಸರಿಯುತ್ತರಕ್ಕೆ ಅಂಕವಿಟ್ಟ ಕೂಡಲೇ ಒಬ್ಬರ ಉತ್ತರ ಹತ್ತು ಮಂದಿಯ ಕೈಗೆ ಹೋಗುತ್ತದೆ, ನಿಮಗೆ ಬೇಕಾಗಿದ್ದ ತಪ್ಪುಗಳು ಮರೆಯಾಗುತ್ತವೆ. ಕಾರಣ ಬರೆಯದ ಉತ್ತರವನ್ನು ಮಾತ್ರ ಪ್ರಯತ್ನವೆಂದು ಒಪ್ಪಿಕೊಳ್ಳಬೇಡಿ.

ಹಂತ 4: ಉತ್ತರಗಳನ್ನು ರಾಶಿ ಮಾಡಿ ಓದಿ

ಇಡೀ ಘಟಕದಲ್ಲಿ ಹೆಚ್ಚು ಫಲ ಕೊಡುವ ಅರ್ಧ ಗಂಟೆ ಇದು. ಆದರೆ ಸಮಯವಿಲ್ಲವೆಂದು ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. ಒಂದೊಂದು ಉತ್ತರವನ್ನೂ ತಿದ್ದಬೇಕಾಗಿಲ್ಲ. ಕಾರಣಗಳನ್ನು ಓದುತ್ತಾ ರಾಶಿಗಳಾಗಿ ಬೇರ್ಪಡಿಸಿ. ಮೊದಲ ಪ್ರಶ್ನೆಗೆ ಸಾಮಾನ್ಯವಾಗಿ ನಾಲ್ಕು ರಾಶಿಗಳಾಗುತ್ತವೆ.

"20 ನ್ಯೂಟನ್, ಏಕೆಂದರೆ f = μN" ಎಂಬುದು ಮೊದಲ ರಾಶಿ. ಟಿಪ್ಪಣಿಯನ್ನು ಓದಿದವರೂ ಹೀಗೆ ಬರೆಯುತ್ತಾರೆ, ಏಕೆಂದರೆ ಸೂತ್ರ ಕಂಡೊಡನೆ ಮೌಲ್ಯಗಳನ್ನು ತುಂಬುವ ಅಭ್ಯಾಸ ಅಸಮತೆಯ ಚಿಹ್ನೆಯನ್ನು ಸಮಚಿಹ್ನೆಯಾಗಿ ಓದಿಸುತ್ತದೆ. ಇವರಿಗೆ ಕೇಳಬೇಕಾದ ಪ್ರಶ್ನೆ: 12 ನ್ಯೂಟನ್ ಮುಂದಕ್ಕೆ, 20 ನ್ಯೂಟನ್ ಹಿಂದಕ್ಕೆ ಇದ್ದರೆ ಪೆಟ್ಟಿಗೆ ಯಾವ ಕಡೆಗೆ ಹೊರಡಬೇಕು? ತಳ್ಳಿದವನ ಕಡೆಗೇ ಪೆಟ್ಟಿಗೆ ಬರಬೇಕಾಗುತ್ತದೆ ಎಂಬುದು ಹೊಳೆದಾಗ ತಪ್ಪು ತಾನಾಗಿಯೇ ಬಿಡುತ್ತದೆ. "ಸೊನ್ನೆ, ಏಕೆಂದರೆ ಪೆಟ್ಟಿಗೆ ಚಲಿಸುತ್ತಿಲ್ಲ" ಎಂಬುದು ಎರಡನೆಯ ರಾಶಿ. ಇದು ಬಹುಪಾಲು ಟಿಪ್ಪಣಿಯನ್ನು ಓದದವರದು. "12 ನ್ಯೂಟನ್, ಏಕೆಂದರೆ ಪೆಟ್ಟಿಗೆ ನಿಂತೇ ಇರಬೇಕಾದರೆ ನಿವ್ವಳ ಬಲ ಸೊನ್ನೆಯಾಗಬೇಕು ಮತ್ತು 12 ಎಂಬುದು ಮಿತಿಯಾದ 20ರ ಒಳಗಿದೆ" ಎಂಬುದು ಸರಿಯಾದ ರಾಶಿ.

ನಾಲ್ಕನೆಯದನ್ನು ಗಮನವಿಟ್ಟು ಹುಡುಕಬೇಕು, ಏಕೆಂದರೆ ಸಂಖ್ಯೆ ಸರಿಯಿರುವುದರಿಂದ ಅದು ಸರಿಯಾದ ರಾಶಿಯೊಳಗೆ ಅಡಗಿರುತ್ತದೆ: "12 ನ್ಯೂಟನ್, ಏಕೆಂದರೆ ಪ್ರತಿ ಕ್ರಿಯೆಗೂ ಸಮಾನ ಮತ್ತು ವಿರುದ್ಧ ಪ್ರತಿಕ್ರಿಯೆ ಇರುತ್ತದೆ." ಇಲ್ಲಿ ವಿದ್ಯಾರ್ಥಿ ನ್ಯೂಟನ್ನನ ಮೂರನೆಯ ನಿಯಮವನ್ನು ತಪ್ಪು ಜೋಡಿಗೆ ಹಚ್ಚಿದ್ದಾನೆ. ಕೈ ಪೆಟ್ಟಿಗೆಯನ್ನು ತಳ್ಳುವುದಕ್ಕೆ ಜೋಡಿಯಾದದ್ದು ಪೆಟ್ಟಿಗೆ ಕೈಯನ್ನು ತಳ್ಳುವುದು. ನೆಲ ಪೆಟ್ಟಿಗೆಯ ಮೇಲೆ ಹಾಕುವ ಘರ್ಷಣೆ ಆ ಜೋಡಿಗೆ ಸೇರಿಲ್ಲ. ಈ ತಪ್ಪನ್ನು ಹೊರಗೆಳೆಯಲು ಬಲವನ್ನು 26 ನ್ಯೂಟನ್‌ಗೆ ಏರಿಸಿ ಕೇಳಿ. ಪ್ರತಿಕ್ರಿಯೆಯ ವಾದದ ಪ್ರಕಾರ ಘರ್ಷಣೆಯೂ 26 ಆಗಬೇಕು, ಆಗ ಪೆಟ್ಟಿಗೆ ಎಂದಿಗೂ ಚಲಿಸಬಾರದು. ವಾಸ್ತವದಲ್ಲಿ ಮಿತಿ ದಾಟಿ ಪೆಟ್ಟಿಗೆ ಜಾರುತ್ತದೆ, ಘರ್ಷಣೆ 16ಕ್ಕೆ ಇಳಿಯುತ್ತದೆ. ಕೈ ಮತ್ತು ಪೆಟ್ಟಿಗೆಯ ಜೋಡಿ ಮಾತ್ರ ಆಗಲೂ 26 ಮತ್ತು 26 ಆಗಿಯೇ ಉಳಿಯುತ್ತದೆ. ಸಂಖ್ಯೆಯನ್ನಷ್ಟೇ ನೋಡಿ ಅಂಕ ಹಾಕುವ ಪರೀಕ್ಷೆಯಲ್ಲಿ ಈ ವಿದ್ಯಾರ್ಥಿ ವರ್ಷಾನುಗಟ್ಟಲೆ ಸಿಕ್ಕಿಬೀಳುವುದಿಲ್ಲ. ಪೂರ್ವಪ್ರಶ್ನೆಗೆ ಕಾರಣವನ್ನು ಬರೆಸಲೇಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕಾಗಿ.

ಎರಡನೆಯ ಪ್ರಶ್ನೆಯಲ್ಲಿ ನೋಡಬೇಕಾದದ್ದು ಒಂದೇ ಬಾಣ. ಪೆಟ್ಟಿಗೆಯ ಮೇಲಿನ ಘರ್ಷಣೆಯನ್ನು ಹಿಂದಕ್ಕೆ ತೋರಿಸಿದವರೆಷ್ಟು, ಮುಂದಕ್ಕೆ ತೋರಿಸಿದವರೆಷ್ಟು, ಜೊತೆಗೆ "ಲಾರಿಯ ಬಲ" ಎಂದು ಇನ್ನೊಂದು ಬಾಣವನ್ನು ಸೇರಿಸಿದವರೆಷ್ಟು ಎಂದು ಎಣಿಸಿಟ್ಟುಕೊಳ್ಳಿ.

ಹಂತ 5: ತರಗತಿಯ ಮೊದಲ ಹದಿನೈದು ನಿಮಿಷ

ಹೆಸರು ಹೇಳದೆ ಎರಡು ಉತ್ತರಗಳನ್ನು ಕಪ್ಪುಹಲಗೆಯ ಮೇಲೆ ಬರೆಯಿರಿ: f = μN ಎಂದು 20 ಬರೆದದ್ದು ಒಂದು, ಪ್ರತಿಕ್ರಿಯೆಯ ಕಾರಣ ಕೊಟ್ಟು 12 ಬರೆದದ್ದು ಇನ್ನೊಂದು. ಐದು ನಿಮಿಷದಲ್ಲಿ ಮೇಲಿನ ಎರಡು ಪ್ರಶ್ನೆಗಳನ್ನು ಕೇಳಿ ಮುಂದಕ್ಕೆ ಹೋಗಿ. ಇಲ್ಲಿ ಟಿಪ್ಪಣಿಯ ಸಾರಾಂಶ ಹೇಳುವ ಆಸೆಯನ್ನು ತಡೆದುಕೊಳ್ಳಲೇಬೇಕು. ಮಗುಚಿದ ತರಗತಿಗಳು ಕುಸಿಯುವುದು ಬಹುಮಟ್ಟಿಗೆ ಈ ಜಾಗದಲ್ಲಿ: ಓದದೆ ಬಂದವರನ್ನು ನೋಡಿ ಮರುಕಪಟ್ಟು ಶಿಕ್ಷಕರು ಎಲ್ಲವನ್ನೂ ಮತ್ತೆ ಹೇಳುತ್ತಾರೆ, ಓದದಿದ್ದರೂ ನಡೆಯುತ್ತದೆ ಎಂದು ಎರಡನೆಯ ವಾರಕ್ಕೇ ಓದಿದವರಿಗೂ ತಿಳಿದುಬಿಡುತ್ತದೆ. ಓದದೆ ಬಂದವರಿಗೆ ಟಿಪ್ಪಣಿಯ ಪ್ರತಿ ಕೊಟ್ಟು, ಕೊಠಡಿಯ ಒಂದು ಬದಿಯಲ್ಲಿ ಹದಿನೈದು ನಿಮಿಷ ಓದಲು ಕೂರಿಸಿ, ಆಮೇಲೆ ಗುಂಪಿಗೆ ಸೇರಿಸಿ. ಅದು ಶಿಕ್ಷೆಯಾಗಿ ಕಾಣದಂತೆ ಸಹಜವಾಗಿ ಮಾಡಿ.

ಮುಂದಿನ ಹತ್ತು ನಿಮಿಷ ಒಂದು ಪರಿಕಲ್ಪನಾ ಪ್ರಶ್ನೆಗೆ, ಅಂದರೆ ಲೆಕ್ಕಕ್ಕಿಂತ ತಿಳಿವಳಿಕೆಯನ್ನು ಪರೀಕ್ಷಿಸುವ ಬಹು ಆಯ್ಕೆಯ ಪ್ರಶ್ನೆಗೆ ಮೀಸಲು. 10 ನ್ಯೂಟನ್ ತೂಕದ ಪುಸ್ತಕವನ್ನು ಗೋಡೆಗೆ 40 ನ್ಯೂಟನ್ ಬಲದಿಂದ ಒತ್ತಿ ಹಿಡಿಯಲಾಗಿದೆ; ಸ್ಥಿತ ಗುಣಾಂಕ 0.4, ಪುಸ್ತಕ ಜಾರುತ್ತಿಲ್ಲ. ಒತ್ತುವ ಬಲವನ್ನು 80 ನ್ಯೂಟನ್‌ಗೆ ಏರಿಸಿದರೆ ಪುಸ್ತಕದ ಮೇಲಿನ ಘರ್ಷಣೆ: ಎ) ಇಮ್ಮಡಿಯಾಗುತ್ತದೆ, ಬಿ) ಅಷ್ಟೇ ಇರುತ್ತದೆ, ಸಿ) ಅರ್ಧವಾಗುತ್ತದೆ, ಡಿ) ಹೇಳಲು ಮಾಹಿತಿ ಸಾಲದು. ಉತ್ತರ ಬಿ. ಪುಸ್ತಕದ ತೂಕ ಬದಲಾಗಿಲ್ಲವಾದ್ದರಿಂದ ಘರ್ಷಣೆ 10 ನ್ಯೂಟನ್ ಆಗಿಯೇ ಉಳಿಯುತ್ತದೆ. 16ರಿಂದ 32ಕ್ಕೆ ಏರಿದ್ದು ಮಿತಿ ಮಾತ್ರ.

ಎರಡು ನಿಮಿಷ ಎಲ್ಲರೂ ಒಂಟಿಯಾಗಿ ಯೋಚಿಸಿ, ಒಟ್ಟಿಗೇ ಚೀಟಿ ಎತ್ತಲಿ. ಸರಿಯುತ್ತರ ಹೇಳಿದವರು ಶೇಕಡ 30ರಿಂದ 70ರ ನಡುವೆ ಇದ್ದರೆ, ಬೇರೆ ಉತ್ತರ ಕೊಟ್ಟ ಪಕ್ಕದವರೊಂದಿಗೆ ವಾದಿಸಲು ಮೂರು ನಿಮಿಷ ಬಿಟ್ಟು, ಮತ್ತೊಮ್ಮೆ ಮತ ಹಾಕಿಸಿ. ಸಹಪಾಠಿ ಬೋಧನೆ ಎಂದು ಕರೆಯುವ ಮಜೂರ್ ಅವರ ಪದ್ಧತಿಯಲ್ಲಿ ಬಳಸುವ ಅಳತೆ ಇದು. 30ಕ್ಕಿಂತ ಕಡಿಮೆಯಿದ್ದರೆ ಚರ್ಚೆ ಕುರುಡರು ಕುರುಡರಿಗೆ ದಾರಿ ತೋರಿದಂತಾಗುತ್ತದೆ, ನೀವೇ ಒಂದು ಸುಳಿವು ಕೊಡಿ. 70ನ್ನು ಮೀರಿದರೆ ಕಾರಣವನ್ನು ಒಬ್ಬರಿಂದ ಹೇಳಿಸಿ ಮುಂದೆ ಸಾಗಿ. ಮೊದಲ ಮತ ಮುಗಿಯುವವರೆಗೂ ಸರಿಯುತ್ತರದ ಸುಳಿವು ನಿಮ್ಮ ಮುಖದಲ್ಲಿಯೂ ಕಾಣಬಾರದು.

ಹಂತ 6: ಗುಂಪಿನಲ್ಲಿ ಲೆಕ್ಕ, ಇಪ್ಪತ್ತೈದು ನಿಮಿಷ

ಮೂವರ ಗುಂಪು ಸಾಕು. ಐದಾರು ಮಂದಿಯಾದರೆ ಇಬ್ಬರು ಬರೆಯುತ್ತಾರೆ, ಉಳಿದವರು ನೋಡುತ್ತಾರೆ. ಒಬ್ಬರ ಕೈಯಲ್ಲಿ ಪೆನ್ನು, ಇನ್ನೊಬ್ಬರು ಪ್ರತಿ ಸಾಲಿಗೂ "ಏಕೆ?" ಎಂದು ಕೇಳುವವರು, ಮೂರನೆಯವರು ಏಕಮಾನ ಮತ್ತು ದಿಕ್ಕನ್ನು ಪರೀಕ್ಷಿಸುವವರು. ಮೊದಲ ಆರು ನಿಮಿಷ ಸಮೀಕರಣ ಬರೆಯುವಂತಿಲ್ಲ. ಇಟ್ಟಿಗೆಗೆ ಒಂದು, ಹಲಗೆಗೆ ಒಂದು, ಹೀಗೆ ಎರಡು ಬೇರೆ ಬೇರೆ ಬಲಚಿತ್ರಗಳನ್ನು (ಒಂದು ವಸ್ತುವನ್ನಷ್ಟೇ ಬಿಡಿಸಿಟ್ಟು ಅದರ ಮೇಲಿನ ಬಲಗಳನ್ನು ಮಾತ್ರ ತೋರಿಸುವ ಚಿತ್ರ) ಮುಗಿಸಿ ನಿಮಗೆ ತೋರಿಸಬೇಕು.

ಗುಂಪುಗಳ ನಡುವೆ ಓಡಾಡುವಾಗ ಎರಡು ತಪ್ಪುಗಳನ್ನು ಹುಡುಕಿ. ಎಳೆಯುವ ಬಲ F ಇಟ್ಟಿಗೆಯ ಚಿತ್ರದಲ್ಲಿ ಕಾಣಿಸಿಕೊಂಡಿದ್ದರೆ, "ಇಟ್ಟಿಗೆಯನ್ನು ಯಾವ ಯಾವ ವಸ್ತುಗಳು ಮುಟ್ಟುತ್ತಿವೆ?" ಎಂದಷ್ಟೇ ಕೇಳಿ. ಇಟ್ಟಿಗೆಯ ಮೇಲಿನ ಘರ್ಷಣೆ ಹಿಂದಕ್ಕಿದ್ದರೆ, "ಹಾಗಾದರೆ ಇಟ್ಟಿಗೆಯನ್ನು ಮುಂದಕ್ಕೆ ಒಯ್ಯುತ್ತಿರುವ ಬಲ ಯಾವುದು?" ಎಂದು ಕೇಳಿ. ಪೆನ್ನನ್ನು ನಿಮ್ಮ ಕೈಗೆ ತೆಗೆದುಕೊಳ್ಳಬೇಡಿ.

ಗುಂಪುಗಳು ತಲುಪಬೇಕಾದ ದಾರಿ ಇದು. ಮೊದಲು, ಎರಡೂ ಒಟ್ಟಿಗೆ ಚಲಿಸುತ್ತವೆ ಎಂದು ಊಹಿಸಿಕೊಳ್ಳುವುದು. F = 9 ಆದಾಗ ಒಟ್ಟು 6 ಕೆ.ಜಿ.ಗೆ ವೇಗೋತ್ಕರ್ಷ 1.5 m/s². ಇಟ್ಟಿಗೆಗೆ ಈ ವೇಗೋತ್ಕರ್ಷ ಬರಬೇಕಾದರೆ 2 × 1.5 = 3 ನ್ಯೂಟನ್ ಘರ್ಷಣೆ ಬೇಕು. ಮಿತಿ 0.3 × 20 = 6 ನ್ಯೂಟನ್. ಬೇಕಾದದ್ದು ಮಿತಿಯೊಳಗಿದೆ, ಆದ್ದರಿಂದ ಊಹೆ ಸರಿ.

F = 24 ಆದಾಗ ಅದೇ ಊಹೆ 4 m/s² ಕೊಡುತ್ತದೆ, ಇಟ್ಟಿಗೆಗೆ 8 ನ್ಯೂಟನ್ ಬೇಕಾಗುತ್ತದೆ. ಮಿತಿ 6 ಮಾತ್ರ ಆದ್ದರಿಂದ ಊಹೆ ಮುರಿಯಿತು: ಇಟ್ಟಿಗೆ ಜಾರುತ್ತದೆ, ಈಗ ಬಳಸಬೇಕಾದದ್ದು ಚಲನ ಘರ್ಷಣೆ, 0.2 × 20 = 4 ನ್ಯೂಟನ್. ಇಟ್ಟಿಗೆಯ ವೇಗೋತ್ಕರ್ಷ 4 ÷ 2 = 2 m/s², ಹಲಗೆಯದು (24 − 4) ÷ 4 = 5 m/s². ಇಟ್ಟಿಗೆ ಮುಂದಕ್ಕೇ ಚಲಿಸುತ್ತದೆ, ಆದರೆ ಹಲಗೆಗಿಂತ ಹಿಂದುಳಿಯುತ್ತದೆ. ಇಲ್ಲಿ ಬಹಳಷ್ಟು ಗುಂಪುಗಳು ಮಿತಿಯಾದ 6ನ್ನೇ ಘರ್ಷಣೆಯಾಗಿ ಬಳಸಿ 3 ಮತ್ತು 4.5 ಎಂಬ ಉತ್ತರಗಳಿಗೆ ಬರುತ್ತವೆ. ಈ ಎರಡು ಸಂಖ್ಯೆಗಳು ಕಂಡರೆ ತಪ್ಪು ಯಾವುದೆಂದು ನಿಮಗೆ ದೂರದಿಂದಲೇ ತಿಳಿಯುತ್ತದೆ.

ಗರಿಷ್ಠ ಬಲಕ್ಕೆ ಘರ್ಷಣೆ ತನ್ನ ಮಿತಿಯನ್ನು ಮುಟ್ಟಿದೆ ಎಂದು ಇಟ್ಟುಕೊಂಡರೆ ಇಟ್ಟಿಗೆಯ ವೇಗೋತ್ಕರ್ಷ 6 ÷ 2 = 3 m/s², ಒಟ್ಟು ವ್ಯವಸ್ಥೆಗೆ F = 6 × 3 = 18 ನ್ಯೂಟನ್. ಬೇಗ ಮುಗಿಸಿದ ಗುಂಪಿಗೆ ಹೊಸ ಲೆಕ್ಕ ಕೊಡುವ ಬದಲು, 18 ನ್ಯೂಟನ್ ಎಂಬ ಉತ್ತರ ಇಟ್ಟಿಗೆಯ ದ್ರವ್ಯರಾಶಿಯನ್ನು ಹೆಚ್ಚಿಸಿದರೆ ಹೇಗೆ ಬದಲಾಗುತ್ತದೆ ಎಂದು ಕೇಳಿ. ಇಟ್ಟಿಗೆಯ ಗರಿಷ್ಠ ವೇಗೋತ್ಕರ್ಷ 3 m/s² ಆಗಿಯೇ ಉಳಿಯುತ್ತದೆ ಎಂಬುದನ್ನು ಅವರು ತಾವೇ ಕಂಡುಕೊಳ್ಳುವುದನ್ನು ನೋಡುವುದು ಶಿಕ್ಷಕನಿಗೆ ದೊಡ್ಡ ಸಂತೋಷ.

ಹಂತ 7: ಕೊನೆಯ ಹತ್ತು ನಿಮಿಷ ಮತ್ತು ನಿರ್ಗಮನ ಪ್ರಶ್ನೆ

ಒಂದು ಸರಿಯಾದ ಹಾಳೆ, ಒಂದು 6 ನ್ಯೂಟನ್ ಬಳಸಿದ ಹಾಳೆ, ಎರಡನ್ನೂ ಅನುಮತಿ ಪಡೆದು ಪಕ್ಕಪಕ್ಕ ಅಂಟಿಸಿ, ವ್ಯತ್ಯಾಸವಿರುವ ಸಾಲನ್ನು ತರಗತಿಯಿಂದಲೇ ಹುಡುಕಿಸಿ. ಇದಕ್ಕೆ ಐದು ನಿಮಿಷ ಸಾಕು.

ಉಳಿದ ಐದು ನಿಮಿಷದಲ್ಲಿ ಪ್ರತಿಯೊಬ್ಬರೂ ಒಂಟಿಯಾಗಿ, ಚೀಟಿಯಲ್ಲಿ ಉತ್ತರಿಸಬೇಕಾದ ಪ್ರಶ್ನೆ: ಅದೇ ಹಲಗೆ, ಅದೇ ಇಟ್ಟಿಗೆ, ಈಗ 12 ನ್ಯೂಟನ್ ಬಲದಿಂದ ಹಲಗೆಯ ಬದಲು ಇಟ್ಟಿಗೆಯನ್ನು ಎಳೆದರೆ ಎರಡೂ ಒಟ್ಟಿಗೆ ಚಲಿಸುತ್ತವೆಯೇ? 18 ಎಂಬ ಸಂಖ್ಯೆಯನ್ನು ನೆನಪಿಟ್ಟವರು, 12 ಅದಕ್ಕಿಂತ ಕಡಿಮೆಯಾದ್ದರಿಂದ "ಹೌದು" ಎನ್ನುತ್ತಾರೆ. ವಿಧಾನವನ್ನು ಕಲಿತವರು ಒಟ್ಟಿಗೆ ಚಲಿಸುತ್ತವೆ ಎಂದು ಊಹಿಸಿ 2 m/s² ಪಡೆಯುತ್ತಾರೆ, ಹಲಗೆಯನ್ನು ಒಯ್ಯಲು ಈಗ ಘರ್ಷಣೆಯೊಂದೇ ಇರುವುದರಿಂದ 4 × 2 = 8 ನ್ಯೂಟನ್ ಬೇಕೆಂದು ಕಾಣುತ್ತಾರೆ, ಮಿತಿಯಾದ 6ನ್ನು ಅದು ಮೀರುವುದರಿಂದ "ಇಲ್ಲ" ಎನ್ನುತ್ತಾರೆ.

ಗುಂಪಿನಲ್ಲಿ ಎಲ್ಲವೂ ಸರಿಯಾಗಿ ನಡೆದಂತೆ ಕಂಡಿದ್ದರೂ ಈ ಚೀಟಿಗಳಲ್ಲಿ "ಹೌದು" ಹೆಚ್ಚಾಗಿ ಬಂದರೆ, ಒಬ್ಬ ಚುರುಕಾದ ವಿದ್ಯಾರ್ಥಿ ಬಿಡಿಸಿದ್ದನ್ನು ಉಳಿದಿಬ್ಬರು ಒಪ್ಪಿಕೊಂಡಿದ್ದಾರೆ ಎಂದು ತಿಳಿಯಿರಿ. ಮುಂದಿನ ಘಟಕದಲ್ಲಿ ಪೆನ್ನು ಹಿಡಿಯುವವರನ್ನು ಪ್ರತಿ ಆರೇಳು ನಿಮಿಷಕ್ಕೊಮ್ಮೆ ಬದಲಿಸಿ. ಚೀಟಿಗಳಲ್ಲಿ ಇಟ್ಟಿಗೆಯನ್ನು ಎಳೆದಾಗ ಹಲಗೆಯ ಮೇಲಿನ ಘರ್ಷಣೆಯ ದಿಕ್ಕೇ ತಪ್ಪಾಗಿದ್ದರೆ ದೋಷವಿರುವುದು ಟಿಪ್ಪಣಿಯ ಮೂರನೆಯ ಭಾಗದಲ್ಲಿ. ನಡಿಗೆಯ ಉದಾಹರಣೆಯ ಜೊತೆಗೆ ಎರಡು ಮೇಲ್ಮೈಗಳ ಮೇಲೂ ಬಾಣ ಹಾಕಬೇಕಾದ ಒಂದು ಖಾಲಿ ಚಿತ್ರವನ್ನು ಸೇರಿಸಿ, ಆ ಪುಟವನ್ನು ಅಂದೇ ತಿದ್ದಿಟ್ಟುಕೊಳ್ಳಿ.